18 ನಿಮಿಷದ ಪ್ರೆಸೆಂಟೇಷನ್‌ನಲ್ಲಿ 2 ನಿಮಿಷ ಮಾತ್ರ ಕಳಿಸಿ ಅಂತಾರೆ. ಯಾವ 2 ನಿಮಿಷ?

ಕೊನೆಬೆಂಚು

ಎಲ್ಲರಿಗೂ ನಮಸ್ಕಾರ. ನಮ್ಮ ಲೆಕ್ಚರರ್ ಕ್ಲಾಸ್ ಗ್ರೂಪಿಗೆ ಹಾಕಿರೋ ಸೂಚನೆ ಇದು, ಇದ್ದ ಹಾಗೇ ಕೊಡ್ತಿದ್ದೀನಿ:

"ಪ್ರಾಜೆಕ್ಟ್ ಪ್ರೆಸೆಂಟೇಷನ್ ಪೂರ್ತಿ ರೆಕಾರ್ಡ್ ಮಾಡಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಅದರೊಳಗಿನ 2 ನಿಮಿಷದ ಒಂದು ತುಣುಕನ್ನು ಮಾತ್ರ ಸಲ್ಲಿಸಿ. ಆ ತುಣುಕಿನಲ್ಲಿ ನಿಮ್ಮ ಕೆಲಸ ಕಾಣಬೇಕು. ಪೂರ್ತಿ ವಿಡಿಯೋ ಕಳಿಸಿದರೆ ತೆರೆಯುವುದಿಲ್ಲ. ಎಂಪಿ4, 50 ಎಂಬಿ ಒಳಗೆ."

ನನ್ನ ರೆಕಾರ್ಡಿಂಗ್ 18 ನಿಮಿಷ ಇದೆ, ಫೈಲ್ 360 ಎಂಬಿ. ವಿಷಯ ಮರಳಿನ ಫಿಲ್ಟರ್: ಕಲಕು ನೀರು ಮೇಲಿಂದ ಹೊಯ್ದು, ಕೆಳಗೆ ಬಂದ ನೀರಿನ ಕಲಕು ಎಷ್ಟು ಅಂತ ಅಳೆದಿದ್ದು. ಮೊದಲ 3 ನಿಮಿಷ ಪೀಠಿಕೆ, ಆಮೇಲೆ ಹಿಂದೆ ಯಾರು ಏನು ಮಾಡಿದ್ದಾರೆ ಅನ್ನೋದು, 7ರಿಂದ 11ರವರೆಗೆ ಫಿಲ್ಟರ್ ಕಟ್ಟಿದ ರೀತಿ, ಅಲ್ಲಿಂದ ಮುಂದೆ ರೀಡಿಂಗ್‌ಗಳು ಮತ್ತೆ ಗ್ರಾಫ್, ಕೊನೆಯ 3 ನಿಮಿಷ ಉಪಸಂಹಾರ.

ಪೀಠಿಕೆ ಚೆನ್ನಾಗಿ ಬಂದಿದೆ, ಅದನ್ನೇ ಕಳಿಸೋಣ ಅನ್ಕೊಂಡಿದ್ದೀನಿ. ತಪ್ಪೇನಾದ್ರೂ ಇದೆಯಾ?

ಗೊಣಗಣ್ಣ

ನಾವು ರಾತ್ರಿಯೆಲ್ಲಾ ಕೂತು 18 ನಿಮಿಷ ಮಾಡಬೇಕು, ಅವರು 2 ನಿಮಿಷ ನೋಡಿ ಅಂಕ ಹಾಕ್ತಾರೆ. ಸಂಬಳ ಮಾತ್ರ ಪೂರ್ತಿ.

ಮುನ್ನುಡಿ

ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ? ಕ್ಯಾಮರಾ ಮುಂದೆ ಇನ್ನೊಂದ್ಸಲ ಕೂತು, ಇಡೀ ಪ್ರಾಜೆಕ್ಟಿನ ಸಾರಾಂಶ 2 ನಿಮಿಷದಲ್ಲಿ ಹೇಳಿ ಹೊಸದಾಗಿ ರೆಕಾರ್ಡ್ ಮಾಡಿ. ನಾನು ಹಾಗೇ ಮಾಡ್ತಿದ್ದೆ.

ರಾತ್ರಿಪಾಳಿ

@ಮುನ್ನುಡಿ "ಅದರೊಳಗಿನ" ಅಂತ ಬರೆದಿದ್ದಾರಲ್ಲ ಗುರು. ಹೊಸದು ಮಾಡಿದ್ರೆ ಆಗಲ್ಲ.

@ಕೊನೆಬೆಂಚು ಕತ್ತರಿಸೋದು ಒಂದು ಸೆಕೆಂಡಿನ ಕೆಲಸ. ಎಫ್‌ಎಫ್‌ಎಂಪೆಗ್ ಹಾಕ್ಕೊಂಡು ಇದನ್ನ ಓಡಿಸಿ, ಕ್ವಾಲಿಟಿ ಒಂದಿಷ್ಟೂ ಹೋಗಲ್ಲ:

```
ffmpeg -ss 00:00:00 -i full.mp4 -t 00:02:00 -c copy clip.mp4
```

`-ss` ಮುಂದೆ ಎಲ್ಲಿಂದ ಶುರು ಅನ್ನೋದು ಹಾಕಿ. 360 ಎಂಬಿಗೆ 18 ನಿಮಿಷ ಅಂದ್ರೆ 2 ನಿಮಿಷಕ್ಕೆ ಹೆಚ್ಚುಕಮ್ಮಿ 40 ಎಂಬಿ, ಮಿತಿಯೊಳಗೇ ಬರುತ್ತೆ. ಮಾತು 2 ನಿಮಿಷಕ್ಕೆ ಹಿಡಿಸದೇ ಇದ್ರೆ 1.5 ಪಟ್ಟು ಸ್ಪೀಡ್ ಮಾಡಿ, 3 ನಿಮಿಷದ್ದು 2ಕ್ಕೆ ಬಂದುಬಿಡುತ್ತೆ.

ಹಾಳೆ ತಿದ್ದೋಳು

ನಾನೂ ಪಾಠ ಮಾಡೋಳೇ, ಇಂಥದ್ದೇ ಸೂಚನೆ ನಾನೂ ಕೊಟ್ಟಿದ್ದೀನಿ. ಗೊಣಗಣ್ಣನಿಗೆ ಮೊದಲು ಉತ್ತರ ಕೊಡ್ತೀನಿ. 60 ಜನ ಇರೋ ಕ್ಲಾಸಿನಲ್ಲಿ ಒಬ್ಬೊಬ್ಬರದು 18 ನಿಮಿಷ ಅಂದ್ರೆ ಬರೀ ನೋಡೋಕೇ 18 ಗಂಟೆ. ಹತ್ತನೆಯವರ ಹೊತ್ತಿಗೆ ಕಣ್ಣು ವಿಡಿಯೋ ಮೇಲಿದ್ರೂ ಮನಸ್ಸು ಅಲ್ಲಿರಲ್ಲ. ಆಗ ಮೊದಲು ನೋಡಿದವರಿಗೊಂದು ಅಳತೆ, ಕೊನೆಗೆ ನೋಡಿದವರಿಗೊಂದು ಅಳತೆ ಆಗಿಬಿಡುತ್ತೆ. 2 ನಿಮಿಷದ್ದಾದ್ರೆ ಎಲ್ಲರದೂ 2 ಗಂಟೆಯಲ್ಲಿ ಮುಗಿಯುತ್ತೆ. ಒಂದೇ ದಿನ ಒಂದೇ ಮನಸ್ಥಿತಿಯಲ್ಲಿ ನೋಡಬಹುದು, ಅನುಮಾನ ಬಂದದ್ದನ್ನ ಎರಡನೇ ಸಲ ಹಾಕಿ ನೋಡೋಕೂ ಸಮಯ ಉಳಿಯುತ್ತೆ. ಇನ್ನೊಂದು ವಿಷಯ: ಯಾವ ಭಾಗ ಆರಿಸಿದ್ದಾರೆ ಅನ್ನೋದನ್ನೂ ನಾನು ನೋಡ್ತೀನಿ. ತನ್ನ ಕೆಲಸದಲ್ಲಿ ಗಟ್ಟಿ ಯಾವುದು ಅಂತ ವಿದ್ಯಾರ್ಥಿಗೆ ಗೊತ್ತಿದೆಯಾ ಅನ್ನೋದು ಅಲ್ಲೇ ಬಯಲಾಗುತ್ತೆ.

ಕೊನೆಬೆಂಚು ಅವರೇ, ಪೀಠಿಕೆ ಕಳಿಸಬೇಡಿ. ಶುದ್ಧ ನೀರು ಎಷ್ಟು ಮುಖ್ಯ ಅನ್ನೋ 2 ನಿಮಿಷವನ್ನ ಪ್ರಾಜೆಕ್ಟೇ ಮಾಡದವರೂ ಹೇಳಬಲ್ಲರು. ಉಪಸಂಹಾರದ ಕಥೆಯೂ ಅಷ್ಟೇ, ಅಲ್ಲಿ ಮಾತು ಮತ್ತೆ ಸಾಮಾನ್ಯ ಸಂಗತಿಗಳಿಗೆ ಜಾರುತ್ತೆ. ಫಿಲ್ಟರ್ ಕಟ್ಟಿದ ಭಾಗ ಪರವಾಗಿಲ್ಲ, ಆದ್ರೆ "ಇದನ್ನ ಹಾಕಿದೆ, ಅದನ್ನ ಹಾಕಿದೆ" ಅಂತ ಪಟ್ಟಿ ಓದಿದ ಹಾಗೆ ಕೇಳಿಸುತ್ತೆ. ರೀಡಿಂಗ್‌ಗಳ ಭಾಗದಲ್ಲಿ ನೀವು ನಿರೀಕ್ಷೆ ಮಾಡದ್ದು ಏನಾದ್ರೂ ಸಿಕ್ಕಿತ್ತಾ? ಅದನ್ನ ವಿವರಿಸಿದ್ದೀರಾ?

ಕೊನೆಬೆಂಚು

ಸಿಕ್ಕಿತ್ತು ಮೇಡಂ. ಮೊದಲ ಸಲ ನೀರು ಹಾಯಿಸಿದಾಗ ಕೆಳಗೆ ಬಂದ ನೀರು ಮೇಲೆ ಹೊಯ್ದದ್ದಕ್ಕಿಂತ ಹೆಚ್ಚು ಕಲಕಾಗಿತ್ತು! ಗ್ರಾಫಿನಲ್ಲಿ ಮೊದಲ ಚುಕ್ಕೆ ಎಲ್ಲಕ್ಕಿಂತ ಮೇಲೆ ಕೂತಿದೆ. ಮರಳು ಸರಿಯಾಗಿ ತೊಳೆದಿರಲಿಲ್ಲ, ಅದರಲ್ಲಿದ್ದ ನುಣ್ಣನೆ ಧೂಳು ನೀರಿನ ಜೊತೆ ಬಂದಿತ್ತು. ನಾಲ್ಕೈದು ಸಲ ಹಾಯಿಸಿದ ಮೇಲೆ ತಿಳಿಯಾಯ್ತು. ಅದನ್ನ 11:30ರ ಸುಮಾರಿಗೆ ಶುರು ಮಾಡಿ ಹೇಳಿದ್ದೀನಿ. ಆ ಚುಕ್ಕೆ ನೋಡೋಕೆ ಚೆನ್ನಾಗಿಲ್ಲ ಅಂತ ಆ ಭಾಗ ಬೇಡ ಅನ್ಕೊಂಡಿದ್ದೆ.

ಹಾಳೆ ತಿದ್ದೋಳು

ಅದೇ ನಿಮ್ಮ 2 ನಿಮಿಷ. ಗ್ರಾಫ್ ತೆರೆಯ ಮೇಲಿರುತ್ತೆ, ಅದರಲ್ಲೊಂದು ಹೊಂದದ ಚುಕ್ಕೆ ಇರುತ್ತೆ, ಅದಕ್ಕೆ ಕಾರಣ ನಿಮ್ಮ ಬಾಯಲ್ಲೇ ಬರುತ್ತೆ. ಬೇರೆ ಕಡೆಯಿಂದ ಎತ್ತಿದ ಸ್ಲೈಡಿನಲ್ಲಿ ಇಂಥ ಚುಕ್ಕೆ ಇರಲ್ಲ.

ಆರಿಸೋ ಮುಂಚೆ ಒಂದು ಪರೀಕ್ಷೆ ಮಾಡಿ. ಆ ಭಾಗವನ್ನ ಪ್ರಾಜೆಕ್ಟಿನ ಗಂಧಗಾಳಿ ಇಲ್ಲದ ಗೆಳೆಯರಿಗೆ ತೋರಿಸಿ, "ಇವನು ಏನು ಅಳೆದ, ಏನು ಸಿಕ್ತು, ಯಾಕೆ?" ಅಂತ ಕೇಳಿ. ಮೂರಕ್ಕೂ ಉತ್ತರ ಬಂದ್ರೆ ಸಾಕು. ಸಾಮಾನ್ಯವಾಗಿ ಎಡವೋದು "ಆಗಲೇ ಹೇಳಿದ ಹಾಗೆ", "ಹಿಂದಿನ ಸ್ಲೈಡಿನಲ್ಲಿ ನೋಡಿದ್ರಲ್ಲ" ಅನ್ನೋ ಕಡೆ. ನನ್ನ ಮುಂದೆ ಹಿಂದಿನ ಸ್ಲೈಡೇ ಇರಲ್ಲವಲ್ಲ. ಅಂಥ ಮಾತು ಮಧ್ಯದಲ್ಲಿ ಒಂದು ಬಂದ್ರೆ ಬಿಡಿ, ಮೊದಲ ವಾಕ್ಯವೇ ಹಾಗಿದ್ರೆ 10-15 ಸೆಕೆಂಡ್ ಹಿಂದಕ್ಕೋ ಮುಂದಕ್ಕೋ ಸರಿಸಿ.

ಸ್ಪೀಡ್ ಮಾಡೋದು ಮಾತ್ರ ಬೇಡವೇ ಬೇಡ. ಧ್ವನಿ ಕೇಳಿದ ತಕ್ಷಣ ಗೊತ್ತಾಗುತ್ತೆ. 3 ನಿಮಿಷದ್ದನ್ನ 2ಕ್ಕೆ ತುರುಕಿದ್ದಾರೆ ಅಂತ ಸಿಟ್ಟೂ ಬರುತ್ತೆ.

ರಾತ್ರಿಪಾಳಿ

ಸರಿ ಮೇಡಂ, ಸ್ಪೀಡ್ ವಿಷಯ ವಾಪಸ್. ಮಧ್ಯೆ ಮಧ್ಯೆ ಕತ್ತರಿಸಿ ಒಳ್ಳೊಳ್ಳೆ ತುಂಡುಗಳನ್ನ ಜೋಡಿಸಿದ್ರೆ? ಪೀಠಿಕೆಯಿಂದ 20 ಸೆಕೆಂಡ್, ಗ್ರಾಫಿನಿಂದ 1 ನಿಮಿಷ, ಕೊನೆಯಿಂದ 40 ಸೆಕೆಂಡ್?

ಹಾಳೆ ತಿದ್ದೋಳು

ನಾನಾದ್ರೆ ಒಪ್ಪಲ್ಲ. ಒಂದೇ ಉಸಿರಿನಲ್ಲಿ ಹೇಗೆ ವಿವರಿಸ್ತಾರೆ, ಎಲ್ಲಿ ತಡವರಿಸ್ತಾರೆ, ತಡವರಿಸಿದ ಮೇಲೆ ಹೇಗೆ ಸರಿಮಾಡ್ಕೊಳ್ತಾರೆ ಅನ್ನೋದು ನನಗೆ ಬೇಕು. ಜೋಡಿಸಿದ್ದರಲ್ಲಿ ಅದು ಸಿಗಲ್ಲ. ಇವರ ಸೂಚನೆಯಲ್ಲೂ "ಒಂದು ತುಣುಕು" ಅಂತಲೇ ಇದೆ.

ಎಡಿಟಿಂಗ್ ಮೇಜು

ಈ ವಿಷಯದಲ್ಲಿ ಮೇಡಂ ಮಾತನ್ನ ಪೂರ್ತಿ ಒಪ್ಪೋಕೆ ಆಗಲ್ಲ. ಪ್ರೊಜೆಕ್ಟರ್ ಕೈಕೊಟ್ಟು 25 ಸೆಕೆಂಡ್ ಮೌನ ಇದ್ರೆ ಅದನ್ನೂ ಕಳಿಸಬೇಕಾ? ಅಂಥ ಕಡೆ ಒಂದು ಕತ್ತರಿ ಹಾಕಿ, ತೆರೆಯ ಮೂಲೆಯಲ್ಲಿ ಹಾಗಂತ ಬರೆದರೆ ಯಾರಿಗೂ ಮೋಸ ಆಗಲ್ಲ.

ಹಾಳೆ ತಿದ್ದೋಳು

ಬರೆದು ತಿಳಿಸಿದ್ರೆ ನನಗೆ ಅಡ್ಡಿಯಿಲ್ಲ. ಆದ್ರೆ ನಮ್ಮ ವಿಭಾಗದಲ್ಲೇ ಇನ್ನೊಬ್ಬರು ಒಂದು ಕತ್ತರಿ ಕಂಡ್ರೂ ವಾಪಸ್ ಕಳಿಸ್ತಾರೆ.

ಕೊನೆಬೆಂಚು

11:48ರಿಂದ ಕತ್ತರಿಸಿದೆ. "ಈ ಮೊದಲ ಚುಕ್ಕೆ ನೋಡಿ" ಅಂತ ಅಲ್ಲಿಂದಲೇ ಮಾತು ಶುರು. @ರಾತ್ರಿಪಾಳಿ ಕೊಟ್ಟ ಕಮಾಂಡೇ ಬಳಸಿದ್ದು, ಕಣ್ಣುಮುಚ್ಚಿ ತೆಗೆಯೋದರೊಳಗೆ ಆಯ್ತು.

ಆದ್ರೆ ಏನೋ ಎಡವಟ್ಟಾಗಿದೆ. ಲ್ಯಾಪ್‌ಟಾಪಿನಲ್ಲಿ ಸರಿಯಾಗಿ 11:48ರಿಂದಲೇ ಓಡುತ್ತೆ. ಅದೇ ಫೈಲ್ ಗೆಳೆಯನ ಫೋನಿಗೆ ಕಳಿಸಿದ್ರೆ ಅಲ್ಲಿ ಐದಾರು ಸೆಕೆಂಡ್ ಹಿಂದಿನಿಂದ ಶುರುವಾಗುತ್ತೆ. ಹಿಂದಿನ ವಾಕ್ಯದ ಬಾಲ, ಒಂದು ಕೆಮ್ಮು, ಆಮೇಲೆ "ಈ ಮೊದಲ ಚುಕ್ಕೆ". ಇನ್ನೊಬ್ಬಳ ಫೋನಿನಲ್ಲಿ ಧ್ವನಿ ಸರಿಯಾಗಿದೆ, ಚಿತ್ರ ಮಾತ್ರ ಮೊದಲು ನಿಂತಲ್ಲೇ ನಿಂತಿರುತ್ತೆ. ಒಂದೇ ಫೈಲ್ ಮೂರು ಕಡೆ ಮೂರು ಥರ ಹೇಗೆ?

ರಾತ್ರಿಪಾಳಿ

ಫೋನ್ ಹಳೇದಿರಬೇಕು. ನನಗೆ ಯಾವತ್ತೂ ಹೀಗಾಗಿಲ್ಲ.

ಎಡಿಟಿಂಗ್ ಮೇಜು

ಫೋನಿನದಲ್ಲ, `-c copy`ದು. ರಾತ್ರಿಪಾಳಿ ಹೇಳಿದ್ದು ಅರ್ಧ ನಿಜ. ಕ್ವಾಲಿಟಿ ಹೋಗಲ್ಲ, ಸೆಕೆಂಡಿನಲ್ಲಿ ಆಗುತ್ತೆ, ಎರಡೂ ಸರಿ. ಆದ್ರೆ ಆ ದಾರಿಯಲ್ಲಿ ಬೇಕಾದ ಕಡೆ ಕತ್ತರಿ ಹಾಕೋಕೆ ಆಗಲ್ಲ.

ವಿಡಿಯೋ ಫೈಲಿನಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಇರಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ ಇರುತ್ತೆ, ಅದಕ್ಕೆ ಕೀಫ್ರೇಮ್ ಅಂತೀವಿ. ಮಧ್ಯದವೆಲ್ಲಾ "ಅದಕ್ಕಿಂತ ಇಷ್ಟು ಬದಲಾಯ್ತು" ಅನ್ನೋ ಲೆಕ್ಕ ಮಾತ್ರ. ಮತ್ತೆ ಎನ್‌ಕೋಡ್ ಮಾಡದೆ ಬರೀ ನಕಲು ತೆಗೆದಾಗ ನಡುವಿನಿಂದ ಶುರು ಮಾಡೋಕೆ ಆಗಲ್ಲ, ಯಾವುದರಿಂದ ಬದಲಾಯ್ತು ಅನ್ನೋದೇ ಇರಲ್ಲವಲ್ಲ. ಹಾಗಾಗಿ ಅದು ಹಿಂದಿನ ಕೀಫ್ರೇಮಿಗೆ ಹೋಗಿ ಅಲ್ಲಿಂದ ತರುತ್ತೆ. "ಈ ಮೊದಲ ಇಷ್ಟು ಸೆಕೆಂಡ್ ತೋರಿಸಬೇಡ" ಅಂತ ಎಂಪಿ4 ಒಳಗೆ ಒಂದು ಚೀಟಿ ಇಡುತ್ತೆ. ನಿಮ್ಮ ಲ್ಯಾಪ್‌ಟಾಪಿನ ಪ್ಲೇಯರ್ ಆ ಚೀಟಿ ಓದುತ್ತೆ. ಗೆಳೆಯನ ಫೋನಿನದು ಓದಲ್ಲ. ಇನ್ನೊಬ್ಬಳದು ಅರ್ಧ ಓದುತ್ತೆ. ಲೆಕ್ಚರರ್ ಯಾವುದರಲ್ಲಿ ನೋಡ್ತಾರೋ ಯಾರಿಗೆ ಗೊತ್ತು.

ನಿಮ್ಮ ಫೈಲಿನಲ್ಲಿ ಕೀಫ್ರೇಮ್ ಎಲ್ಲೆಲ್ಲಿವೆ ನೋಡಬೇಕಾದ್ರೆ ಇದನ್ನ ಓಡಿಸಿ, 11:30ರ ಆಸುಪಾಸಿನ ಸಾಲುಗಳನ್ನ ಇಲ್ಲಿ ಹಾಕಿ:

```
ffprobe -v error -select_streams v -skip_frame nokey -show_entries frame=pts_time -of csv=p=0 full.mp4
```

ಕೊನೆಬೆಂಚು

```
693.400000
701.733333
710.066667
```

ಇದು ಸೆಕೆಂಡ್ ಲೆಕ್ಕ ತಾನೇ? 11:48 ಅಂದ್ರೆ 708.

ಎಡಿಟಿಂಗ್ ಮೇಜು

ಹೌದು. 708ಕ್ಕೆ ಹಿಂದಿನ ಪೂರ್ತಿ ಚಿತ್ರ 701.7ರಲ್ಲಿದೆ. ಆರು ಸೆಕೆಂಡ್ ಚಿಲ್ಲರೆ ಹಿಂದೆ. ನಿಮ್ಮ ಕೆಮ್ಮು ಅಲ್ಲೇ ಕೂತಿದೆ. ಅಂತರ ಸರಿಯಾಗಿ 8.33 ಸೆಕೆಂಡ್ ಇದೆ ನೋಡಿ, ಸೆಕೆಂಡಿಗೆ 30 ಚಿತ್ರದಂತೆ 250 ಚಿತ್ರ. x264 ಅನ್ನೋ ಎನ್‌ಕೋಡರ್ ಏನೂ ಹೇಳದೇ ಬಿಟ್ರೆ ಇಟ್ಟುಕೊಳ್ಳೋ ಗರಿಷ್ಠ ಅಂತರ ಅದು. ಸ್ಲೈಡ್ ರೆಕಾರ್ಡಿಂಗಿನಲ್ಲಿ ತೆರೆ ಅಲ್ಲಾಡೋದೇ ಕಡಿಮೆ, ಹಾಗಾಗಿ ಆ ಗರಿಷ್ಠ ಅಂತರವೇ ಉದ್ದಕ್ಕೂ ಕಾಣುತ್ತೆ.

ನಿಮಗೆ ಬೇಕಾದ್ದು ಇದು:

```
ffmpeg -ss 00:11:47.5 -i full.mp4 -t 00:01:58 -c:v libx264 -crf 20 -c:a aac -b:a 128k -movflags +faststart clip.mp4
```

ಇದು ಆ 2 ನಿಮಿಷವನ್ನ ಹೊಸದಾಗಿ ಎನ್‌ಕೋಡ್ ಮಾಡುತ್ತೆ. ಮೊದಲ ಚಿತ್ರವೇ ಕೀಫ್ರೇಮ್ ಆಗುತ್ತೆ, ಚೀಟಿಯ ಗೊಡವೆ ಇರಲ್ಲ. ಸ್ವಲ್ಪ ಹೊತ್ತು ಹಿಡಿಯುತ್ತೆ ಅಷ್ಟೇ. ಕ್ವಾಲಿಟಿ ಹೋಗುತ್ತೆ ಅಂತ ಹೆದರಬೇಡಿ, `-crf 20`ರಲ್ಲಿ ಸ್ಲೈಡಿನ ಅಕ್ಷರ ಕಣ್ಣಿಗೆ ಹಾಗೇ ಇರುತ್ತೆ. ಸೈಜ್ ಮಾತ್ರ ರಾತ್ರಿಪಾಳಿಯ ಭಾಗಾಕಾರದ ಪ್ರಕಾರ ಬರಲ್ಲ. ಸ್ಲೈಡ್ ಆದ್ರೆ 40 ಎಂಬಿಗಿಂತ ಬಹಳ ಕಡಿಮೆ ಬರೋ ಸಂಭವ, ಮುಖದ ವಿಡಿಯೋ ದೊಡ್ಡದಾಗಿದ್ರೆ ಹೆಚ್ಚೂ ಆಗಬಹುದು. 50 ದಾಟಿದ್ರೆ 20ನ್ನ 24 ಮಾಡಿ.

ಎರಡು ಸಣ್ಣ ವಿಷಯ. ಅರ್ಧ ಸೆಕೆಂಡ್ ಮುಂಚೆ ಶುರು ಮಾಡಿದ್ದು ಬೇಕಂತಲೇ, ಇಲ್ಲದಿದ್ರೆ "ಈ" ಅನ್ನೋ ಅಕ್ಷರ ನುಂಗಿಹೋಗಿ "ಮೊದಲ ಚುಕ್ಕೆ" ಅಂತ ಕೇಳಿಸುತ್ತೆ. ಉದ್ದ 1:58 ಇಟ್ಟಿದ್ದೂ ಬೇಕಂತಲೇ. ಸರಿಯಾಗಿ 2:00 ಕೇಳಿದ್ರೆ ಕೊನೆಯ ಆಡಿಯೋ ತುಂಡು ಸೇರಿ ಕೂದಲೆಳೆಯಷ್ಟು ಹೆಚ್ಚಾಗಬಹುದು. ಮನುಷ್ಯರು ಅದನ್ನ ನೋಡಲ್ಲ, ಆದ್ರೆ ಅಪ್‌ಲೋಡ್ ಮಾಡೋ ಜಾಗದಲ್ಲಿ ಮಿತಿ ಹಾಕಿದ್ರೆ ಯಂತ್ರ ನೋಡುತ್ತೆ.

ರಾತ್ರಿಪಾಳಿ

ಹಾಗಾದ್ರೆ ನನಗೆ ಇಷ್ಟು ದಿನ ಯಾಕೆ ತೊಂದರೆ ಆಗಿಲ್ಲ? ನಾನು ಯಾವಾಗಲೂ ಸ್ಲೈಡ್ ಬದಲಾಗೋ ಕಡೆಯೇ ಕತ್ತರಿಸ್ತೀನಿ.

ಎಡಿಟಿಂಗ್ ಮೇಜು

ಉತ್ತರ ನೀವೇ ಹೇಳಿದ್ರಲ್ಲ. ತೆರೆ ಪೂರ್ತಿ ಬದಲಾದಾಗ x264 ಅಲ್ಲೊಂದು ಕೀಫ್ರೇಮ್ ತಾನಾಗೇ ಇಡುತ್ತೆ. ಹಾಗಾಗಿ ಸ್ಲೈಡ್ ಬದಲಾಗೋ ಕ್ಷಣದಿಂದ ಶುರು ಮಾಡಿದ್ರೆ `-c copy` ಕೂಡ ಬಹುಪಾಲು ಸರಿಯಾಗೇ ಬರುತ್ತೆ. ಇದನ್ನೇ ನಂಬಿಕೊಂಡು ಕೂರಬೇಡಿ. ಗ್ರಾಫಿಕ್ಸ್ ಕಾರ್ಡಿನಿಂದ ರೆಕಾರ್ಡ್ ಮಾಡಿದವರಲ್ಲಿ ಎಷ್ಟೋ ಸಲ ಅಂತರ ಗಡಿಯಾರದ ಹಾಗೆ ನಿಗದಿಯಾಗಿರುತ್ತೆ, ಸ್ಲೈಡ್ ಬದಲಾದ್ರೂ ಅದಕ್ಕೆ ಲೆಕ್ಕವಿಲ್ಲ.

ಕಮಾಂಡ್ ಬೇಡ ಅನ್ನೋರಿಗೆ ಲಾಸ್‌ಲೆಸ್‌ಕಟ್ ಅಂತ ತಂತ್ರಾಂಶ ಇದೆ, ಕೀಫ್ರೇಮಿನಿಂದ ಕೀಫ್ರೇಮಿಗೆ ಜಿಗಿದು ನೋಡಬಹುದು. ಅದೂ ನಕಲೇ ತೆಗೆಯೋದು, ಮಿತಿ ಇದೇ.

ಪಿಪಿಟಿ ಪುಟ್ಟ

ನನ್ನದು ಬೇರೆ ಕಥೆ. ವಿಡಿಯೋನ ಪವರ್‌ಪಾಯಿಂಟ್ ಸ್ಲೈಡಿನೊಳಗೆ ಹಾಕಿ, ಅಲ್ಲೇ ಟ್ರಿಮ್ ಮಾಡಿ 2 ನಿಮಿಷಕ್ಕೆ ತಂದೆ. ಓಡಿಸಿದ್ರೆ 2 ನಿಮಿಷವೇ ಓಡುತ್ತೆ. ಆದ್ರೆ ಫೈಲ್ ಸೈಜ್ ಒಂದು ಎಂಬಿಯೂ ಇಳಿದಿಲ್ಲ. ಫೈಲ್ ಕೆಟ್ಟಿದೆಯಾ?

ಎಡಿಟಿಂಗ್ ಮೇಜು

ಕೆಟ್ಟಿಲ್ಲ. ಅಲ್ಲಿ ಟ್ರಿಮ್ ಅಂದ್ರೆ ಮುಚ್ಚಿಡೋದು ಮಾತ್ರ, ಉಳಿದದ್ದೆಲ್ಲ ಒಳಗೇ ಇರುತ್ತೆ. ಫೈಲ್ ಪಡೆದವರು ಟ್ರಿಮ್ ಹಿಡಿಗಳನ್ನ ಎಳೆದ್ರೆ ನಿಮ್ಮ ಪೂರ್ತಿ ವಿಡಿಯೋ ಎದುರಿಗೆ. ಮಧ್ಯೆ ಯಾರನ್ನಾದ್ರೂ ಬೈದಿದ್ರೆ ಅದೂ. ಫೈಲ್ ಮೆನುವಿನ ಇನ್ಫೋದಲ್ಲಿ "Compress Media" ಒತ್ತಿದ್ರೆ ಕತ್ತರಿಸಿದ ಭಾಗ ನಿಜವಾಗಿ ಹೋಗುತ್ತೆ. ಇಷ್ಟಾದ್ರೂ ಅದು ಪಿಪಿಟಿ ಫೈಲೇ, ಎಂಪಿ4 ಕೇಳಿದ್ರೆ ಎಂಪಿ4 ಕೊಡಬೇಕು.

ನಿರೂಪಣೆಯನ್ನ ಪವರ್‌ಪಾಯಿಂಟಿನಲ್ಲೇ ರೆಕಾರ್ಡ್ ಮಾಡಿದವರು ಇನ್ನೊಂದು ಗಮನಿಸಿ. ಅಲ್ಲಿ ಸ್ಲೈಡಿನಿಂದ ಸ್ಲೈಡಿಗೆ ಹೋಗೋ ಟ್ರಾನ್ಸಿಷನ್ ಹೊತ್ತಿನಲ್ಲಿ ಧ್ವನಿ ದಾಖಲಾಗಲ್ಲ. ಮಾತಾಡ್ತಲೇ ಸ್ಲೈಡ್ ಬದಲಿಸಿದ್ರೆ ಎರಡು ಪದ ಕಾಣೆ. 18 ನಿಮಿಷದಲ್ಲಿ ಅದು ಯಾರಿಗೂ ಗೊತ್ತಾಗಲ್ಲ, 2 ನಿಮಿಷದಲ್ಲಿ ಎದ್ದು ಕಾಣುತ್ತೆ.

ನಾಲ್ಕರಲ್ಲೊಬ್ಬಳು

ನಮ್ಮದು ಗುಂಪು ಪ್ರಾಜೆಕ್ಟ್, ನಾಲ್ಕು ಜನ, 24 ನಿಮಿಷ. ಸೂಚನೆ ಹೆಚ್ಚುಕಮ್ಮಿ ಇದೇ ಥರ ಬಂದಿದೆ. 2 ನಿಮಿಷ ಅಂದ್ರೆ ಗುಂಪಿಗಾ, ತಲೆಗಾ? ಗುಂಪಿಗೆ ಅಂದ್ರೆ ಯಾರ ಭಾಗ ಕಳಿಸೋದು? ಈಗಾಗಲೇ ಜಗಳ ಶುರುವಾಗಿದೆ. ಒಬ್ಬ ತಲಾ 30 ಸೆಕೆಂಡ್ ಅಂತಾನೆ.

ಹಾಳೆ ತಿದ್ದೋಳು

ತಲಾ 30 ಸೆಕೆಂಡ್ ಅಂದ್ರೆ ನಾಲ್ಕು ಜನರ ಹೆಸರು ಕೇಳಿಸುತ್ತೆ, ಕೆಲಸ ಕೇಳಿಸಲ್ಲ. ನನ್ನ ಕ್ಲಾಸಿನಲ್ಲಿ ಗುಂಪಾದ್ರೆ ಒಬ್ಬೊಬ್ಬರಿಂದ 2 ನಿಮಿಷ ಕೇಳ್ತೀನಿ. ನಿಮ್ಮವರು ಏನು ಅನ್ಕೊಂಡಿದ್ದಾರೋ ಇಲ್ಲಿ ಕೂತು ಹೇಳೋಕೆ ಆಗಲ್ಲ. ಕೇಳುವಾಗ "ಏನು ಮಾಡಲಿ?" ಅಂತ ಕೇಳಬೇಡಿ, ಉತ್ತರ ವಾರ ಕಳೆದ್ರೂ ಬರಲ್ಲ. "ನಾಲ್ವರೂ ತಲಾ 2 ನಿಮಿಷದ ಪ್ರತ್ಯೇಕ ಫೈಲ್ ಕೊಡ್ತೀವಿ, ಬೇರೆ ರೀತಿ ಬೇಕಿದ್ರೆ ತಿಳಿಸಿ ಸರ್" ಅಂತ ಬರೆಯಿರಿ.

ಗೊಣಗಣ್ಣ

ಮೇಡಂ, ಒಂದು ಕೇಳ್ತೀನಿ, ಸಿಟ್ಟಾಗಬೇಡಿ. 2 ನಿಮಿಷ ಚೆನ್ನಾಗಿ ಮಾಡಿ ಉಳಿದ 16 ನಿಮಿಷ ಏನೋ ಒಂದು ಗೀಚಿದ್ರೆ ನಿಮಗೆ ಗೊತ್ತಾಗುತ್ತಾ?

ಹಾಳೆ ತಿದ್ದೋಳು

ಎಲ್ಲರದೂ ಗೊತ್ತಾಗಲ್ಲ. ನಾನು ಕೆಲವರನ್ನ ಆರಿಸಿ ಪೂರ್ತಿ ರೆಕಾರ್ಡಿಂಗ್ ತರಿಸ್ಕೊಳ್ತೀನಿ, ವೈವಾದಲ್ಲಿ ತುಣುಕಿನ ಹೊರಗಿನ ಪ್ರಶ್ನೆ ಕೇಳ್ತೀನಿ. ಅದನ್ನೂ ದಾಟಿ ಹೋಗೋರು ಇರ್ತಾರೆ. ಈ ಪದ್ಧತಿಯ ದೊಡ್ಡ ತೂತು ಇದೇ, ನನ್ನ ಹತ್ತಿರ ಇದಕ್ಕೆ ಮದ್ದಿಲ್ಲ. ಅದಕ್ಕೇ ಪೂರ್ತಿ ಫೈಲ್ ಅಳಿಸಬೇಡಿ ಅನ್ನೋದು. ನಿಮ್ಮ ಸೂಚನೆಯಲ್ಲೂ "ನಿಮ್ಮಲ್ಲೇ ಇಟ್ಟುಕೊಳ್ಳಿ" ಅಂತ ಮೊದಲ ಸಾಲಲ್ಲೇ ಇದೆ.

ಕೊನೆಬೆಂಚು

@ಎಡಿಟಿಂಗ್ ಮೇಜು ನಿಮ್ಮ ಕಮಾಂಡ್ ಓಡಿಸಿದೆ ಸರ್. 14 ಎಂಬಿ ಬಂತು. ಮೂರೂ ಕಡೆ ಒಂದೇ ಥರ ಶುರುವಾಗುತ್ತೆ, ಕೆಮ್ಮಿಲ್ಲ. ಕೊನೆ ಮಾತ್ರ "ಹಾಗಾಗಿ ಮುಂದಿನ ಸಲ ಮರಳನ್ನ..." ಅಂತ ನಿಂತುಬಿಡುತ್ತೆ. ವಾಕ್ಯ ಮುಗಿಯೋಕೆ ಇನ್ನೂ 5 ಸೆಕೆಂಡ್ ಬೇಕು.

ಎಡಿಟಿಂಗ್ ಮೇಜು

ಅದರ ಹಿಂದಿನ ವಾಕ್ಯಕ್ಕೇ ನಿಲ್ಲಿಸಿ. 1:50 ಆದ್ರೂ ಸರಿ, 2 ನಿಮಿಷ ಭರ್ತಿ ಮಾಡಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಹಾಳೆ ತಿದ್ದೋಳು

ಅಯ್ಯೋ, ಆ ವಾಕ್ಯ ಬಿಡಬೇಡಿ! "ಮುಂದಿನ ಸಲ ಮರಳನ್ನ ಮೊದಲೇ ತೊಳೀತೀನಿ" ಅಂತ ತಾನೇ ಇರೋದು? ಕಾರಣ ಅರ್ಥವಾಗಿದೆ ಅನ್ನೋದು ಆ ಮಾತಿನಲ್ಲೇ ಕಾಣೋದು. ಮುಂದುಗಡೆಯಿಂದ 5 ಸೆಕೆಂಡ್ ಬಿಡೋಕೆ ಆಗಲ್ವಾ?

ಕೊನೆಬೆಂಚು

ಮುಂದುಗಡೆ ಬಿಟ್ರೆ "ಈ ಮೊದಲ ಚುಕ್ಕೆ ನೋಡಿ" ಹೋಗುತ್ತೆ ಮೇಡಂ. ಆಮೇಲಿನ ವಾಕ್ಯ "ಇದು ಹೀಗ್ಯಾಕೆ ಬಂತು ಅಂದ್ರೆ" ಅಂತ ಶುರು. ತೆರೆಯ ಮೇಲೆ ಕರ್ಸರ್ ಆ ಚುಕ್ಕೆಯ ಮೇಲೇ ಸುತ್ತುತ್ತಾ ಇರುತ್ತೆ. ಅರ್ಥ ಆಗುತ್ತೆ ಅನ್ಸುತ್ತೆ. ಎರಡೂ ಥರ ಕತ್ತರಿಸಿ ಗೆಳೆಯನಿಗೆ ಕಳಿಸಿದ್ದೀನಿ, ನಿಮ್ಮ ಮೂರು ಪ್ರಶ್ನೆ ಜೊತೆಗೆ.

ರಾತ್ರಿಪಾಳಿ

ಹೆಸರು, ರೋಲ್ ನಂಬರ್ ಇರೋ ಟೈಟಲ್ ಕಾರ್ಡ್ ಮುಂದೆ 5 ಸೆಕೆಂಡ್ ಹಾಕ್ತಾರಲ್ಲ ಕೆಲವರು, ಅದು 2 ನಿಮಿಷದ ಲೆಕ್ಕಕ್ಕೆ ಬರುತ್ತಾ?

ಹಾಳೆ ತಿದ್ದೋಳು

ನನ್ನ ಕ್ಲಾಸಿನಲ್ಲಿ ಬರುತ್ತೆ. ಹೆಸರನ್ನ ಫೈಲಿಗೇ ಇಡಿ, ಆ 5 ಸೆಕೆಂಡ್ ಕೊನೆಬೆಂಚಿನ ಮರಳಿಗೆ ಆಗುತ್ತೆ.